ಪಾರ್ಶಿಯಲ್ ಡೆರಿವೇಟಿವ್: ಮೇಲ್ಮೈಯನ್ನು ಕೊಯ್ದು ಇಳಿಜಾರು ನೋಡುವ ಬಗೆ

ಎರಡನೇ ಪಿಯುಸಿಯ ಡಿಫರೆನ್ಸಿಯೇಷನ್ ಗೊತ್ತಿದ್ದವರಿಗೆ ಪಾರ್ಶಿಯಲ್ ಡೆರಿವೇಟಿವ್ ಲೆಕ್ಕ ಕಷ್ಟವೇನಲ್ಲ. y ಅನ್ನು ಸ್ಥಿರ ಅಂತ ಇಟ್ಟುಕೊಂಡು x ಪ್ರಕಾರ ಡಿಫರೆನ್ಸಿಯೇಟ್ ಮಾಡಿದರೆ ∂f/∂x ಬರುತ್ತದೆ. x ಅನ್ನು ಸ್ಥಿರ ಅಂತ ಇಟ್ಟುಕೊಂಡರೆ ∂f/∂y. ಇಷ್ಟೇ ನಿಯಮ. ತೊಂದರೆ ಶುರುವಾಗುವುದು ಉತ್ತರ ಬಂದ ಮೇಲೆ. "−3 ಬಂತು. ಸರಿ, ಆ −3 ಚಿತ್ರದಲ್ಲಿ ಎಲ್ಲಿದೆ?" ಅಂತ ಯಾರಾದರೂ ಕೇಳಿದರೆ ಕೈ ಕಟ್ಟಿಹೋಗುತ್ತದೆ. ಇಲ್ಲಿ ಒಂದೇ ಫಂಕ್ಷನ್ ಹಿಡಿದು, ಅದನ್ನು ಕೊಯ್ದು, ಆ −3 ಅನ್ನು ಕಣ್ಣಾರೆ ನೋಡೋಣ. ಆಮೇಲೆ ಈ ಎರಡು ಸಂಖ್ಯೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು, ಎಲ್ಲಿ ನಂಬಬಾರದು ಅನ್ನುವುದನ್ನೂ ನೋಡೋಣ.

ನಮ್ಮ ಫಂಕ್ಷನ್ ಇದು:

f(x, y) = 16 − x² − 2y² + xy

x, y ಎರಡನ್ನೂ ನೆಲದ ಮೇಲಿನ ಅಳತೆ ಅಂದುಕೊಳ್ಳಿ. x ಪೂರ್ವಕ್ಕೆ, y ಉತ್ತರಕ್ಕೆ. z = f(x, y) ಆ ಜಾಗದ ಎತ್ತರ. ಹೀಗೆ ಪ್ರತಿ (x, y) ಗೆ ಒಂದು ಎತ್ತರ ಕೊಟ್ಟರೆ ಒಂದು ಮೇಲ್ಮೈ ಸಿಗುತ್ತದೆ. ಇದರದ್ದು ಗುಡ್ಡದ ಆಕಾರ. (0, 0) ಯಲ್ಲಿ ತುದಿ, ಅಲ್ಲಿ ಎತ್ತರ 16. ಕೊನೆಯಲ್ಲಿರುವ xy ಪದವನ್ನು ಬೇಕೆಂದೇ ಸೇರಿಸಿದ್ದೇನೆ. ಅದಿಲ್ಲದ ಉದಾಹರಣೆಗಳು ತೀರಾ ಸಾಧು. ಅವುಗಳಲ್ಲಿ ಎಲ್ಲಿ ಕೊಯ್ದರೂ ಇಳಿಜಾರು ಒಂದೇ ಥರ ಬದಲಾಗುತ್ತದೆ, ಹಾಗಾಗಿ ಮುಖ್ಯವಾದದ್ದೇ ಕಾಣುವುದಿಲ್ಲ.

ನಾವು ನಿಲ್ಲುವ ಜಾಗ (2, 1). ಎತ್ತರ ಎಷ್ಟು? 16 − 4 − 2 + 2 = 12. ಅಂದರೆ ಮೇಲ್ಮೈಯ ಮೇಲೆ ನಾವು (2, 1, 12) ಬಿಂದುವಿನಲ್ಲಿದ್ದೇವೆ.

## ಹಂತ 1: ಕೊಯ್ಯುವುದು

"ಇಲ್ಲಿ ಇಳಿಜಾರು ಎಷ್ಟು?" ಅಂತ ಕೇಳಿದರೆ ಗುಡ್ಡದ ಮೇಲೆ ಅದಕ್ಕೆ ಒಂದೇ ಉತ್ತರ ಇಲ್ಲ. ಯಾವ ಕಡೆ ಹೋಗುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಮೊದಲು ದಿಕ್ಕು ಗೊತ್ತು ಮಾಡಿಕೊಳ್ಳಬೇಕು. ಪೂರ್ವಕ್ಕೆ ಮಾತ್ರ ನಡೆಯುತ್ತೇವೆ ಅಂದುಕೊಳ್ಳಿ. ಆಗ x ಬದಲಾಗುತ್ತದೆ, y ಮಾತ್ರ 1 ರಲ್ಲೇ ಇರುತ್ತದೆ.

y = 1 ಆಗಿರುವ ಎಲ್ಲ ಬಿಂದುಗಳೂ ಸೇರಿ ಒಂದು ನೆಟ್ಟಗೆ ನಿಂತ ಸಮತಲ ಆಗುತ್ತದೆ. ಈ ಸಮತಲ ನಮ್ಮ ಮೇಲ್ಮೈಯನ್ನು ಕೊಯ್ಯುತ್ತದೆ. ಘಾಟಿಯಲ್ಲಿ ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ನೋಡಿರುತ್ತೀರಿ. ಕಡಿದ ಗೋಡೆಯ ಮೇಲಂಚಿನಲ್ಲಿ ಗುಡ್ಡದ ಏರಿಳಿತ ಒಂದು ಗೆರೆಯಾಗಿ ಕಾಣುತ್ತದೆ. ನಮಗೆ ಬೇಕಾಗಿರುವುದು ಆ ಗೆರೆ. ಅದನ್ನು ಹೋಳಿನ ಅಂಚು ಅಂತ ಕರೆಯೋಣ.

ಆ ಅಂಚಿನ ಸಮೀಕರಣ ಬೇಕಾದರೆ f ನಲ್ಲಿ y ಇದ್ದಲ್ಲೆಲ್ಲ 1 ಹಾಕಿ:

g(x) = f(x, 1) = 16 − x² − 2 + x = 14 + x − x²

ಈಗ ಇದು ಒಂದೇ ಚರ ಇರುವ, ನಿಮಗೆ ಗೊತ್ತಿರುವ ಮಾಮೂಲಿ ಪರವಲಯ. ತಲೆ ಕೆಳಗಾಗಿ ನಿಂತಿದೆ, ತುದಿ x = 1/2 ರಲ್ಲಿ, ಅಲ್ಲಿ ಎತ್ತರ 14.25. ಎರಡು ಚರಗಳ ಸಮಸ್ಯೆ ಇಲ್ಲಿಗೆ ಒಂದು ಚರದ್ದಾಯಿತು.

ಇಲ್ಲಿ ಬಹಳ ಜನ ಅದಲು ಬದಲು ಮಾಡಿಕೊಳ್ಳುವ ಒಂದು ವಿಷಯ ಇದೆ. ∂f/∂x ನೋಡಲು ಕೊಯ್ಯಬೇಕಾದ ಸಮತಲ y = 1, x = 2 ಅಲ್ಲ. ∂f/∂x ನಲ್ಲಿ x ಓಡಾಡಬೇಕು. x = 2 ಅಂತ ಕೊಯ್ದುಬಿಟ್ಟರೆ ಆ ಹೋಳಿನಲ್ಲಿ x ಗೆ ಓಡಾಡಲು ಜಾಗವೇ ಇರುವುದಿಲ್ಲ, ಅಲ್ವಾ? ಯಾವ ಚರ ಸ್ಥಿರವಾಗಿದೆಯೋ ಅದರ ಹೆಸರಿನ ಸಮತಲದಿಂದಲೇ ಕೊಯ್ಯಬೇಕು.

## ಹಂತ 2: ಅಂಚಿನ ಇಳಿಜಾರು

g′(x) = 1 − 2x. x = 2 ಹಾಕಿದರೆ g′(2) = −3.

ಇದೇ ನಾವು ಹುಡುಕುತ್ತಿದ್ದ ಸಂಖ್ಯೆ. ಹೋಳಿನ ಅಂಚಿಗೆ (2, 1, 12) ರಲ್ಲಿ ಒಂದು ಸ್ಪರ್ಶರೇಖೆ ಎಳೆದರೆ, ಆ ರೇಖೆಯ ಇಳಿಜಾರು −3. ಪೂರ್ವಕ್ಕೆ ಒಂದು ಘಟಕ ಹೋದರೆ ಆ ರೇಖೆ ಮೂರು ಘಟಕ ಕೆಳಗಿಳಿಯುತ್ತದೆ.

ಈಗ ಪುಸ್ತಕದ ವಿಧಾನದಲ್ಲಿ ಮಾಡಿ ನೋಡೋಣ. y ಗೆ ಬೆಲೆ ಹಾಕದೆ, ಅದನ್ನು ಸ್ಥಿರ ಅಂತ ಮಾತ್ರ ಇಟ್ಟುಕೊಂಡು ಮೂಲ ಫಂಕ್ಷನ್ನಿನ ಒಂದೊಂದೇ ಪದ ತೆಗೆದುಕೊಳ್ಳಿ. 16 ಹೋಗುತ್ತದೆ. −x² ಇಂದ −2x. −2y² ಪೂರ್ತಿ ಸ್ಥಿರ, ಹಾಗಾಗಿ ಅದೂ ಹೋಗುತ್ತದೆ. xy ಯಲ್ಲಿ y ಒಂದು ಗುಣಾಂಕ. 5x ಇಂದ 5 ಬರುವ ಹಾಗೆ ಇಲ್ಲಿ y ಬರುತ್ತದೆ.

∂f/∂x = −2x + y

(2, 1) ರಲ್ಲಿ −4 + 1 = −3. ಅದೇ ಉತ್ತರ. ಎರಡು ದಾರಿಗೂ ಇರುವ ವ್ಯತ್ಯಾಸ ಇಷ್ಟೇ: ಮೊದಲನೆಯದರಲ್ಲಿ ಒಂದೇ ಹೋಳು ಕೊಯ್ದೆವು. ಎರಡನೆಯದರಲ್ಲಿ ಎಲ್ಲ ಹೋಳುಗಳ ಇಳಿಜಾರೂ ಒಟ್ಟಿಗೆ ಸಿಕ್ಕಿತು, ಯಾವ ಹೋಳು ಅನ್ನುವುದನ್ನು y ಹೇಳುತ್ತದೆ.

ಈ ಹಂತದಲ್ಲಿ ಎರಡು ಎಡವಟ್ಟುಗಳು ಮತ್ತೆ ಮತ್ತೆ ಆಗುತ್ತವೆ. ಒಂದು, "y ಸ್ಥಿರ, ಸ್ಥಿರದ ಡೆರಿವೇಟಿವ್ ಸೊನ್ನೆ" ಅಂತ ಹೇಳಿ xy ಯನ್ನೂ ಅಳಿಸಿಹಾಕುವುದು. ಒಂಟಿಯಾಗಿ ನಿಂತ ಸ್ಥಿರ ಮಾತ್ರ ಸೊನ್ನೆಯಾಗುತ್ತದೆ. x ಗೆ ಗುಣಿಸಿಕೊಂಡು ನಿಂತ ಸ್ಥಿರ ಉಳಿಯುತ್ತದೆ. ಇನ್ನೊಂದು, ಬೆಲೆ ಹಾಕುವ ಆತುರ. y = 1 ಅನ್ನು ಮೊದಲೇ ಹಾಕಿದರೆ ತಪ್ಪೇನಿಲ್ಲ, ಈಗಷ್ಟೇ ಹಾಗೆ ಮಾಡಿದೆವು. ಆದರೆ x = 2 ಅನ್ನೂ ಮೊದಲೇ ಹಾಕಿಬಿಟ್ಟರೆ ಕೈಯಲ್ಲಿ ಉಳಿಯುವುದು 12 ಅನ್ನುವ ಒಂಟಿ ಸಂಖ್ಯೆ, ಅದರ ಡೆರಿವೇಟಿವ್ ಸೊನ್ನೆ. ಉತ್ತರ ಸುಮ್ನೆ ಸೊನ್ನೆ ಬಂದರೆ ಮೊದಲು ಇದನ್ನೇ ಅನುಮಾನಿಸಿ.

ನಿಯಮದ ಮೇಲೆ ನಂಬಿಕೆ ಇಲ್ಲದಿದ್ದರೆ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. y ಅನ್ನು 1 ರಲ್ಲೇ ಇಟ್ಟು x ಅನ್ನು 2 ರಿಂದ ಸ್ವಲ್ಪ ಸ್ವಲ್ಪ ಸರಿಸಿ, ಎತ್ತರದ ಬದಲಾವಣೆಯನ್ನು ಸರಿಸಿದ ದೂರದಿಂದ ಭಾಗಿಸಿ:

| x | f(x, 1) | (f(x, 1) − 12) ÷ (x − 2) |
|---|---|---|
| 2.1 | 11.69 | −3.1 |
| 2.01 | 11.9699 | −3.01 |
| 2.001 | 11.996999 | −3.001 |

ಹತ್ತಿರ ಹೋದಷ್ಟೂ −3 ಕಡೆ ಸರಿಯುತ್ತಿದೆ. ಲಿಮಿಟ್ ಅಂದರೆ ಇದೇ. ಪರೀಕ್ಷೆಯಲ್ಲಿ ಉದ್ದದ ಫಂಕ್ಷನ್ ಬಂದು ಉತ್ತರದ ಬಗ್ಗೆ ಅನುಮಾನವಾದರೆ 0.01 ರ ಹೆಜ್ಜೆಯಲ್ಲಿ ಹೀಗೆ ಒಂದು ಸಲ ನೋಡುವುದು ಒಳ್ಳೆಯ ಅಭ್ಯಾಸ. ಚಿಹ್ನೆ ತಪ್ಪಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ.

## ಹಂತ 3: ಇನ್ನೊಂದು ಹೋಳು

ಈಗ ಉತ್ತರಕ್ಕೆ ನಡೆಯೋಣ. x ಸ್ಥಿರ, ಕೊಯ್ಯುವ ಸಮತಲ x = 2.

h(y) = f(2, y) = 16 − 4 − 2y² + 2y = 12 + 2y − 2y²

h′(y) = 2 − 4y, y = 1 ರಲ್ಲಿ −2. ನೇರವಾಗಿ ಮಾಡಿದರೆ ∂f/∂y = −4y + x, (2, 1) ರಲ್ಲಿ −4 + 2 = −2. ಒಂದೇ ಬಿಂದು, ಎರಡು ಹೋಳು, ಎರಡು ಇಳಿಜಾರು. ಪೂರ್ವಕ್ಕೆ −3, ಉತ್ತರಕ್ಕೆ −2.

∂ ಚಿಹ್ನೆ ಯಾಕೆ ಬೇಕು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. d ಅಂತ ಬರೆದರೆ ಇನ್ನೊಂದು ಚರ ಸುಮ್ಮನೆ ನಿಂತಿದೆಯೋ, ಜೊತೆಗೆ ಓಡುತ್ತಿದೆಯೋ ತಿಳಿಯುವುದಿಲ್ಲ. ಫ್ರಾನ್ಸಿನ ಲೆಜಾಂಡ್ರ್ 1786ರಲ್ಲಿ ಈ ಅರ್ಥದಲ್ಲಿ ∂ ಬಳಸಿದರು, ಆಮೇಲೆ ಕೈಬಿಟ್ಟರು. 1841ರಲ್ಲಿ ಜರ್ಮನಿಯ ಯಾಕೋಬಿ ಮತ್ತೆ ಬಳಕೆಗೆ ತಂದ ಮೇಲೆ ಅದು ನಿಂತಿತು.

## ಪರದೆಯ ಮೇಲೆ ನೋಡುವುದು

ಜಿಯೋಜೀಬ್ರಾದ 3D ಕ್ಯಾಲ್ಕುಲೇಟರ್ ಫೋನಿನಲ್ಲೂ ಸಿಗುತ್ತದೆ. ಈ ನಾಲ್ಕು ಸಾಲು ಒಂದೊಂದಾಗಿ ಹಾಕಿ:

```
f(x,y)=16-x^2-2y^2+x*y
y+0z=1
Curve(t,1,f(t,1),t,-3,4)
Curve(2+t,1,12-3t,t,-1,1)
```

ಮೊದಲನೆಯದು ಮೇಲ್ಮೈ, ಎರಡನೆಯದು ಕೊಯ್ಯುವ ಸಮತಲ, ಮೂರನೆಯದು ಹೋಳಿನ ಅಂಚು, ನಾಲ್ಕನೆಯದು ಅದರ ಸ್ಪರ್ಶರೇಖೆಯ ಒಂದು ತುಂಡು. ಎರಡನೇ ಸಾಲಿನ 0z ನೋಡಿ ನಗಬೇಡಿ. ಬರೀ `y=1` ಅಂದರೆ ಅದು ಗೆರೆಯೋ ಸಮತಲವೋ ಅನ್ನುವ ಗೊಂದಲ ಬರಬಹುದು. z ಅನ್ನು ಸೇರಿಸಿದರೆ ಸಮತಲ ಅಂತ ಖಚಿತವಾಗುತ್ತದೆ.

ಆಮೇಲೆ ಚಿತ್ರವನ್ನು ತಿರುಗಿಸಿ, y ಅಕ್ಷ ನಿಮ್ಮಿಂದ ಆಚೆಗೆ ಚಾಚಿ, x ಅಕ್ಷ ಬಲಕ್ಕೆ ಹೋಗುವ ಹಾಗೆ ಮಾಡಿ. ಸಮತಲ ನಿಮ್ಮ ಮುಖಕ್ಕೆ ಎದುರಾಗಿ, ಅಂಚು ಒಂದು ಮಾಮೂಲಿ ಪರವಲಯದ ಹಾಗೆ ಕಾಣುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಇಳಿಜಾರು −3 ಅಂದರೆ ಅಡ್ಡಗೆರೆಯಿಂದ ಸುಮಾರು 71.6 ಡಿಗ್ರಿ ಕೆಳಗೆ, ತುಂಬಾ ಕಡಿದು. ಎತ್ತರ 16ರ ತನಕ ಇರುವುದರಿಂದ z ಅಕ್ಷವನ್ನು ಕುಗ್ಗಿಸಿದ್ದರೆ ಅದೇ ರೇಖೆ ಸಾಧಾರಣ ಇಳಿಜಾರಿನ ಹಾಗೆ ಕಾಣುತ್ತದೆ. ಮೂರೂ ಅಕ್ಷಗಳ ಅನುಪಾತ 1:1:1 ಇದ್ದರೆ ಮಾತ್ರ ಕೋನವನ್ನು ನಂಬಿ. ಹಾಗೇ x ಕಿಲೋಮೀಟರಿನಲ್ಲಿ, z ಮೀಟರಿನಲ್ಲಿ ಇದ್ದರೆ −3 ಅಂದರೆ ಕಿಲೋಮೀಟರಿಗೆ ಮೂರು ಮೀಟರ್ ಇಳಿತ, ಅಂದರೆ ಬಹುತೇಕ ಸಪಾಟು ನೆಲ. ಸಂಖ್ಯೆ ಒಂದೇ, ಘಟಕ ಬದಲಾದರೆ ಜಾಗವೇ ಬೇರೆ.

## ಪಕ್ಕದ ಹೋಳು ಕೊಯ್ದರೆ?

xy ಪದವನ್ನು ಯಾಕೆ ಸೇರಿಸಿದೆ ಅನ್ನುವುದಕ್ಕೆ ಈಗ ಬಂದೆವು. x = 2 ರಲ್ಲೇ ನಿಂತು, y ಬೆಲೆ ಬದಲಿಸುತ್ತಾ ಬೇರೆ ಬೇರೆ ಹೋಳು ಕೊಯ್ಯಿರಿ. ∂f/∂x = −2x + y ಪ್ರಕಾರ y = 0 ರ ಹೋಳಿನಲ್ಲಿ ಇಳಿಜಾರು −4, y = 1 ರಲ್ಲಿ −3, y = 2 ರಲ್ಲಿ −2. ಉತ್ತರಕ್ಕೆ ಹೋದ ಹಾಗೆ ಪೂರ್ವದ ಕಡೆಯ ಇಳಿತ ಕಡಿಮೆಯಾಗುತ್ತಾ ಬರುತ್ತದೆ. y = 4 ರಲ್ಲಿ ಸೊನ್ನೆ. y = 5 ರಲ್ಲಿ +1, ಅಂದರೆ ಅಲ್ಲಿ ಪೂರ್ವಕ್ಕೆ ಹೊರಟರೆ ಹತ್ತುತ್ತೀರಿ.

ಕಾರಣ ಹೋಳುಗಳಲ್ಲೇ ಇದೆ. ಪ್ರತಿ ಹೋಳಿನ ಅಂಚೂ ಒಂದೇ ಅಗಲದ ಪರವಲಯ, ಆದರೆ ಅದರ ತುದಿ x = y/2 ರಲ್ಲಿರುತ್ತದೆ. y ಹೆಚ್ಚಿದ ಹಾಗೆ ತುದಿ ಬಲಕ್ಕೆ ಸರಿಯುತ್ತದೆ. ನಾವು x = 2 ರಲ್ಲೇ ನಿಂತಿದ್ದೇವೆ. ತುದಿ ಮೊದಲು ನಮ್ಮ ಎಡಕ್ಕಿತ್ತು, y = 4 ರಲ್ಲಿ ನಮ್ಮ ಕಾಲಡಿಗೆ ಬಂತು, ಆಮೇಲೆ ಬಲಕ್ಕೆ ಹೋಯಿತು.

y ಒಂದು ಘಟಕ ಹೆಚ್ಚಿದರೆ ಇಳಿಜಾರು 1 ಹೆಚ್ಚುತ್ತಿದೆ. ಮಿಶ್ರ ಡೆರಿವೇಟಿವ್ ∂²f/∂y∂x ಅನ್ನುವುದು ಇದೇ, ಅದರ ಬೆಲೆ ಇಲ್ಲಿ 1. ಪುಸ್ತಕದಲ್ಲಿ ಇದನ್ನು ಬರೀ "ಎರಡು ಸಲ ಡಿಫರೆನ್ಸಿಯೇಟ್ ಮಾಡಿ" ಅಂತ ದಾಟಿಸಿಬಿಡುತ್ತಾರೆ. ಹೋಳಿನಿಂದ ಹೋಳಿಗೆ ಹೋಗುವಾಗ ಇಳಿಜಾರು ಎಷ್ಟು ಬದಲಾಗುತ್ತದೆ ಅಂತ ನೋಡಿದರೆ ಅರ್ಥ ಮನಸ್ಸಿನಲ್ಲಿ ಕೂರುತ್ತದೆ. xy ಇಲ್ಲದಿದ್ದರೆ ಈ ಬೆಲೆ ಸೊನ್ನೆ, ಎಲ್ಲ ಹೋಳೂ ಒಂದೇ ಅಚ್ಚು.

## ಎರಡು ಇಳಿಜಾರು ಸೇರಿಸಿದರೆ

ಎರಡು ಹೋಳುಗಳ ಎರಡು ಸ್ಪರ್ಶರೇಖೆಗಳು (2, 1, 12) ರಲ್ಲಿ ಒಂದನ್ನೊಂದು ದಾಟುತ್ತವೆ. ಹಾಗೆ ದಾಟುವ ಎರಡು ರೇಖೆಗಳ ಮೇಲೆ ಕೂರುವ ಸಮತಲ ಒಂದೇ ಒಂದು:

z = 12 − 3(x − 2) − 2(y − 1)

ಇದು ಸ್ಪರ್ಶ ಸಮತಲ. (2.1, 1.1) ರಲ್ಲಿ ಇದು ಕೊಡುವ ಎತ್ತರ 11.5, ನಿಜವಾದ ಎತ್ತರ 11.48. ಹತ್ತಿರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. (3, 2) ಕ್ಕೆ ಹೋದರೆ ಸಮತಲ 7 ಅನ್ನುತ್ತದೆ, ಮೇಲ್ಮೈ 5 ರಲ್ಲಿದೆ. ಅಷ್ಟು ದೂರಕ್ಕೆ ಇದನ್ನು ಬಳಸಬೇಡಿ.

ಓರೆಯಾಗಿ ನಡೆದರೂ ಇಳಿಜಾರು ಸಿಗುತ್ತದೆ. ಪೂರ್ವಕ್ಕೆ 1, ಉತ್ತರಕ್ಕೆ 1 ಹೋದರೆ ಸಮತಲದ ಮೇಲೆ ಇಳಿತ 3 + 2 = 5. ಆದರೆ ಇಳಿಜಾರು −5 ಅಲ್ಲ. ನೆಲದ ಮೇಲೆ ನಡೆದ ದೂರ √2, ಸುಮಾರು 1.414. ಭಾಗಿಸಿದರೆ ಇಳಿಜಾರು ಸುಮಾರು −3.54. √2 ಮರೆಯುವುದು ಈ ಭಾಗದ ಮಾಮೂಲಿ ತಪ್ಪು. ಅಂದ ಹಾಗೆ ಈ ಜಾಗದಲ್ಲಿ ಅತಿ ಕಡಿದಾದ ಇಳಿಜಾರಿನ ಪ್ರಮಾಣ √(3² + 2²) = √13, ಸುಮಾರು 3.61. ನಮ್ಮ ಎರಡು ಹೋಳುಗಳಲ್ಲಿ ಯಾವುದೂ ಅದನ್ನು ತೋರಿಸಲಿಲ್ಲ.

## ಫಾರ್ಮುಲಾ ಇಲ್ಲದ ಕಡೆ

ನಿಜವಾದ ಗುಡ್ಡಕ್ಕೆ ಫಾರ್ಮುಲಾ ಇರುವುದಿಲ್ಲ, ನಕ್ಷೆ ಇರುತ್ತದೆ. ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟಿನಲ್ಲಿ ಸಾಮಾನ್ಯವಾಗಿ ಎತ್ತರದ 20 ಮೀಟರಿಗೊಂದು ಕಾಂಟೂರ್ ಗೆರೆ ಇರುತ್ತದೆ. ನಕ್ಷೆಯ 1 ಸೆಂಟಿಮೀಟರ್ ಅಂದರೆ ನೆಲದ 500 ಮೀಟರ್. ಒಂದು ಕಾಂಟೂರ್ ಗೆರೆಯ ಮೇಲೆ ಪೆನ್ಸಿಲ್ ಇಟ್ಟು ನೇರ ಪೂರ್ವಕ್ಕೆ ಗೆರೆ ಎಳೆಯಿರಿ. 2 ಸೆಂಟಿಮೀಟರ್ ಹೋಗುವಷ್ಟರಲ್ಲಿ ಕೆಳಗಿನ ಮೂರನೇ ಕಾಂಟೂರ್ ತಲುಪಿದರೆ, 1000 ಮೀಟರಿಗೆ 60 ಮೀಟರ್ ಇಳಿತ. x ಕಡೆಯ ಇಳಿಜಾರು ಸುಮಾರು −0.06. ಹಾಗೇ ಉತ್ತರಕ್ಕೆ ಎಳೆದರೆ y ಕಡೆಯದ್ದು. ಪೆನ್ಸಿಲ್ ಗೆರೆಯೇ ಇಲ್ಲಿ ಕೊಯ್ಯುವ ಸಮತಲ, ಮೇಲಿನಿಂದ ನೋಡಿದಾಗ ಅದು ಗೆರೆಯಾಗಿ ಕಾಣುತ್ತಿದೆ ಅಷ್ಟೇ. ಇದು 1 ಕಿಲೋಮೀಟರಿನ ಸರಾಸರಿ ಮಾತ್ರ. ಹೆಜ್ಜೆಯನ್ನು ಎರಡು ಕಾಂಟೂರ್‌ಗಳ ನಡುವಿನ ದೂರಕ್ಕಿಂತ ಚಿಕ್ಕದು ಮಾಡಿ ಪ್ರಯೋಜನ ಇಲ್ಲ, ಮಧ್ಯೆ ಏನಿದೆ ಅಂತ ನಕ್ಷೆ ಹೇಳುವುದಿಲ್ಲ.

## ಎರಡು ಹೋಳು ಸಾಲದೇ ಹೋಗುವ ಜಾಗ

ಅಕ್ಷಗಳ ದಿಕ್ಕಿನ ಎರಡು ಹೋಳು ನೋಡಿ ಇಡೀ ಮೇಲ್ಮೈ ಅರ್ಥವಾಯಿತು ಅಂದುಕೊಂಡರೆ ಮೋಸ ಹೋಗುತ್ತೀರಿ. p(x, y) = x² + 3xy + y² ತೆಗೆದುಕೊಳ್ಳಿ. ಮೂಲಬಿಂದುವಿನಲ್ಲಿ y = 0 ಅಂತ ಕೊಯ್ದರೆ x² ಸಿಗುತ್ತದೆ, x = 0 ಅಂತ ಕೊಯ್ದರೆ y². ಎರಡರಲ್ಲೂ ಇಳಿಜಾರು ಸೊನ್ನೆ, ಎರಡೂ ಮೇಲಕ್ಕೆ ಬಾಯ್ತೆರೆದ ಪರವಲಯ. ಕೆಳತಳ ಇಲ್ಲೇ ಇದೆ ಅನ್ನಿಸುತ್ತದೆ. ಈಗ y = −x ಅಂತ ಓರೆಯಾಗಿ ಕೊಯ್ಯಿರಿ: x² − 3x² + x² = −x². ಆ ಕಡೆ ಮೇಲ್ಮೈ ಕೆಳಗಿಳಿಯುತ್ತಿದೆ. ಅದು ತಳವಲ್ಲ, ಕುದುರೆಯ ಜೀನಿನ ಆಕಾರ. ಮಿಶ್ರ ಪದ 3xy ಎರಡು ಅಕ್ಷಗಳ ಮೇಲೂ ಸೊನ್ನೆಯಾಗಿ ಅಡಗಿಕೊಂಡಿತ್ತು.

ಇದಕ್ಕಿಂತ ಕೆಟ್ಟದ್ದೂ ಇದೆ:

q(x, y) = xy / (x² + y²), ಮತ್ತು q(0, 0) = 0

x ಅಕ್ಷದ ಮೇಲೆ y = 0, ಹಾಗಾಗಿ q ಎಲ್ಲೆಡೆ ಸೊನ್ನೆ. y ಅಕ್ಷದ ಮೇಲೂ ಅಷ್ಟೇ. ಎರಡೂ ಹೋಳಿನ ಅಂಚು ಸಪಾಟು ಗೆರೆ. ಮೂಲಬಿಂದುವಿನಲ್ಲಿ ಎರಡೂ ಪಾರ್ಶಿಯಲ್ ಡೆರಿವೇಟಿವ್ ಇವೆ, ಎರಡೂ ಸೊನ್ನೆ. ಸೂತ್ರದ ಪ್ರಕಾರ ಸ್ಪರ್ಶ ಸಮತಲ z = 0 ಆಗಬೇಕು. ಆದರೆ y = x ಗೆರೆಯ ಮೇಲೆ q = x²/2x² = 1/2. (0.1, 0.1) ರಲ್ಲಿ 0.5, (0.001, 0.001) ರಲ್ಲೂ 0.5. ಮೂಲಬಿಂದುವಿಗೆ ಎಷ್ಟೇ ಹತ್ತಿರ ಬಂದರೂ 0.5, ಅಲ್ಲಿಗೆ ಕಾಲಿಟ್ಟ ತಕ್ಷಣ ಸೊನ್ನೆ. ಮೇಲ್ಮೈ ಅಲ್ಲಿ ಹರಿದುಹೋಗಿದೆ, ಸ್ಪರ್ಶ ಸಮತಲದ ಮಾತೇ ಇಲ್ಲ. ಒಂದು ಚರದ ಫಂಕ್ಷನ್ನಿನಲ್ಲಿ ಡೆರಿವೇಟಿವ್ ಇದ್ದರೆ ಕಂಟಿನ್ಯುಟಿ ಇದ್ದೇ ಇರುತ್ತದೆ. ಎರಡು ಚರಕ್ಕೆ ಬಂದಾಗ ಆ ಭರವಸೆ ಇರುವುದಿಲ್ಲ.

ಇಂಥದ್ದು ಮೊದಲೇ ಹೇಗೆ ಗೊತ್ತಾಗುತ್ತದೆ? ಆ ಒಂದು ಬಿಂದುವಿನ ಹೋಳು ಮಾತ್ರ ನೋಡದೆ ಪಕ್ಕದ ಹೋಳುಗಳನ್ನೂ ಕೊಯ್ದು ನೋಡಿ. ಮೂಲಬಿಂದು ಬಿಟ್ಟು ಬೇರೆ ಕಡೆ

∂q/∂x = y(y² − x²) / (x² + y²)²

x = 0 ಹಾಕಿದರೆ ಇದು 1/y. y = 0.1 ರ ಹೋಳಿನಲ್ಲಿ ಇಳಿಜಾರು 10, y = 0.01 ರಲ್ಲಿ 100, y = 0.001 ರಲ್ಲಿ 1000. ಸರಿಯಾಗಿ y = 0 ರ ಹೋಳಿನಲ್ಲಿ ಮಾತ್ರ ಸೊನ್ನೆ. ನಮ್ಮ ಗುಡ್ಡದಲ್ಲಿ −4, −3, −2 ಅಂತ ಇಳಿಜಾರು ನಿಧಾನಕ್ಕೆ ಬದಲಾಗುತ್ತಿತ್ತು. ಇಲ್ಲಿ ಪಕ್ಕದ ಹೋಳಿಗೂ ಈ ಹೋಳಿಗೂ ಸಂಬಂಧವೇ ಇಲ್ಲ. ಎರಡೂ ಪಾರ್ಶಿಯಲ್ ಡೆರಿವೇಟಿವ್‌ಗಳು ಬಿಂದುವಿನ ಸುತ್ತಮುತ್ತ ಇದ್ದು, ಆ ಬಿಂದುವಿನಲ್ಲಿ ಕಂಟಿನ್ಯೂಯಸ್ ಆಗಿದ್ದರೆ ಸ್ಪರ್ಶ ಸಮತಲವನ್ನು ಧೈರ್ಯವಾಗಿ ಬಳಸಬಹುದು. ಬಹುಪದಗಳಲ್ಲಿ ಇದು ಯಾವಾಗಲೂ ನಿಜ. ಛೇದದಲ್ಲಿ ಸೊನ್ನೆಯಾಗಬಲ್ಲ ಪದ ಕಂಡರೆ, ಅಥವಾ ಒಂದೇ ಬಿಂದುವಿಗೆ ಬೇರೆ ಬೆಲೆ ಕೊಟ್ಟಿದ್ದರೆ, ಅಲ್ಲಿ ನಿಂತು ಪಕ್ಕದ ಹೋಳುಗಳ ಇಳಿಜಾರನ್ನೊಮ್ಮೆ ಲೆಕ್ಕ ಹಾಕಿ ಮುಂದಕ್ಕೆ ಹೋಗಿ.